ಅಂಟಿಸಿದ ಮುಖ ಯಾಕೆ ಎದ್ದು ಕಾಣುತ್ತದೆ? ಗ್ರೇನ್, ನಾಯ್ಸ್, ಶಾರ್ಪ್‌ನೆಸ್ ಹೊಂದಿಸುವ ಬಗೆ

ಮದುವೆ ಆಲ್ಬಮ್ಮಿಗೆ ಫೋಟೊ ಆರಿಸಲು ಕೂತ ಮನೆಯವರಿಗೆ ಈ ತೊಂದರೆ ಎದುರಾಗದೇ ಇರುವುದು ಅಪರೂಪ. ಆರತಕ್ಷತೆಯ ರಾತ್ರಿ ತೆಗೆದ ಗ್ರೂಪ್ ಫೋಟೊದಲ್ಲಿ 30 ಜನ ನಿಂತಿದ್ದಾರೆ, ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ಹುಡುಗಿಯ ಸೋದರಮಾವ ಮಾತ್ರ ಕಣ್ಣು ಮುಚ್ಚಿದ್ದಾರೆ. ಬೇರೆ ಫ್ರೇಮಿನಲ್ಲಿ ಅವರ ಕಣ್ಣು ತೆರೆದಿದ್ದರೆ ಇನ್ಯಾರೋ ಆಕಡೆ ತಿರುಗಿದ್ದಾರೆ. ಆಗ ಮನೆಯವರೇ ಹೇಳುತ್ತಾರೆ: "ಬೆಳಿಗ್ಗೆ ಚಪ್ಪರದ ಹತ್ರ ತೆಗೆದಿದ್ರಲ್ಲ, ಅದರಿಂದ ಮಾವನ ಮುಖ ತಗೊಂಡು ಇಲ್ಲಿ ಹಾಕಿಬಿಡಿ."

ಹಾಕುವುದೇನೂ ಕಷ್ಟವಲ್ಲ. ಮುಖದ ಅಳತೆ ಸರಿಮಾಡಿ, ಓರೆ ಸರಿಮಾಡಿ, ಮಂಟಪದ ಹಳದಿ ಬೆಳಕಿಗೆ ತಕ್ಕಂತೆ ಬಣ್ಣವನ್ನೂ ಹೊಂದಿಸಬಹುದು. ಇಷ್ಟೆಲ್ಲ ಮಾಡಿದ ಮೇಲೂ ನೋಡಿದವರು "ಇದೇನೋ ಅಂಟಿಸಿದ ಹಾಗಿದೆಯಲ್ಲ" ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಬಣ್ಣ ಸರಿಯಿದೆ, ನೆರಳು ಸರಿಯಿದೆ. ಆದರೆ ಆ ಒಂದು ಮುಖ ಮಾತ್ರ ತೊಳೆದಿಟ್ಟಷ್ಟು ಶುಭ್ರವಾಗಿದೆ, ಸುತ್ತಲಿನವರೆಲ್ಲ ಸ್ವಲ್ಪ ಒರಟೊರಟಾಗಿ ಕಾಣುತ್ತಿದ್ದಾರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಅಳೆದು ಹೊಂದಿಸಬಹುದು ಎಂಬುದನ್ನು ಇದೇ ಸೋದರಮಾವನ ಫೋಟೊ ಇಟ್ಟುಕೊಂಡು ನೋಡೋಣ.

ಮೊದಲು ಮೂರು ಪದಗಳು

ಹಳೆಯ ಫಿಲ್ಮಿನಲ್ಲಿ ಬೆಳಕಿಗೆ ಸ್ಪಂದಿಸುತ್ತಿದ್ದದ್ದು ಬೆಳ್ಳಿಯ ಲವಣದ ಸಣ್ಣ ಹರಳುಗಳು. ತೊಳೆದ ಮೇಲೆ ಅವು ಕಪ್ಪು ಬೆಳ್ಳಿಯ ಕಣಗಳಾಗಿ ಉಳಿಯುತ್ತಿದ್ದವು. ಕಲರ್ ಫಿಲ್ಮಿನಲ್ಲಿ ಅವುಗಳ ಜಾಗದಲ್ಲಿ ಬಣ್ಣದ ಪುಟ್ಟ ಮಚ್ಚೆಗಳು ಉಳಿಯುತ್ತಿದ್ದವು. ಫೋಟೊ ದೊಡ್ಡದು ಮಾಡಿದಾಗ ಕಾಣುವ ಆ ಕಣಕಣವೇ ಗ್ರೇನ್.

ಡಿಜಿಟಲ್ ಕ್ಯಾಮೆರಾದಲ್ಲಿ ಹರಳಿಲ್ಲ, ಪಿಕ್ಸೆಲ್ ಇದೆ. ಒಂದೇ ಬಣ್ಣದ ಗೋಡೆಯನ್ನು ತೆಗೆದರೂ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಬೆಲೆ ತೋರಿಸುವುದಿಲ್ಲ. ಒಂದು ತುಸು ಹೆಚ್ಚು, ಇನ್ನೊಂದು ತುಸು ಕಡಿಮೆ. ಈ ಏರುಪೇರೇ ನಾಯ್ಸ್. ಸ್ಟುಡಿಯೊದಲ್ಲಿ ಎರಡಕ್ಕೂ "ಗ್ರೇನ್ಸ್ ಬಂದಿದೆ" ಅಂದುಬಿಡುವುದು ರೂಢಿ. ಮಾತಿಗೆ ಅದು ಸಾಕು, ಆದರೆ ಹೊಂದಿಸುವಾಗ ಎರಡರ ಸ್ವಭಾವ ಬೇರೆ ಎಂಬುದು ಮುಖ್ಯವಾಗುತ್ತದೆ.

ಶಾರ್ಪ್‌ನೆಸ್ ಎಂದರೆ ಅಂಚಿನ ವಿಷಯ. ಕನ್ನಡಕದ ಕಪ್ಪು ಕಡ್ಡಿಯಿಂದ ಕೆನ್ನೆಯ ಬಣ್ಣಕ್ಕೆ ಬರಲು ಎಷ್ಟು ಪಿಕ್ಸೆಲ್ ಬೇಕು? 2 ಪಿಕ್ಸೆಲ್‌ನಲ್ಲಿ ಬದಲಾದರೆ ಅಂಚು ಚೂಪು, 5 ಪಿಕ್ಸೆಲ್ ತೆಗೆದುಕೊಂಡರೆ ಮಂದ.

ಬೆಳಿಗ್ಗೆಯ ಮುಖ ಯಾಕೆ ಅಷ್ಟು ಶುಭ್ರ

ಎರಡೂ ಫೋಟೊ ಒಂದೇ ಕ್ಯಾಮೆರಾದಲ್ಲಿ ತೆಗೆದವು ಎಂದಿಟ್ಟುಕೊಳ್ಳೋಣ. ಚಪ್ಪರದ ಹತ್ತಿರ ಹಗಲು ಬೆಳಕಿತ್ತು, ಐಎಸ್ಒ 200. ರಾತ್ರಿ ಮಂಟಪದಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆದದ್ದು, ಐಎಸ್ಒ 6400. ಐಎಸ್ಒ 32 ಪಟ್ಟು ಏರಿತು ಎಂದರೆ ಸೆನ್ಸರಿಗೆ ಸಿಕ್ಕ ಬೆಳಕು ಸುಮಾರು 32ನೇ ಒಂದು ಪಾಲು. ಆ ಕೊರತೆಯನ್ನು ಕ್ಯಾಮೆರಾ ಸಂಕೇತವನ್ನು ಹಿಗ್ಗಿಸಿ ತುಂಬಿಕೊಂಡಿದೆ.

ಬೆಳಕು ಕಡಿಮೆಯಾದರೆ ಏರುಪೇರು ಯಾಕೆ ಹೆಚ್ಚಬೇಕು? ಅಂಗಳದಲ್ಲಿ ಸಾಲಾಗಿ ಲೋಟಗಳನ್ನಿಟ್ಟು ಮಳೆಗೆ ಬಿಟ್ಟರೆ, ಜೋರು ಮಳೆಯಲ್ಲಿ ಎಲ್ಲ ಲೋಟಗಳೂ ಹೆಚ್ಚುಕಡಿಮೆ ಸಮವಾಗಿ ತುಂಬುತ್ತವೆ. ಕೆಲವೇ ಹನಿ ಬಿದ್ದು ನಿಂತರೆ ಒಂದು ಲೋಟಕ್ಕೆ 2 ಹನಿ, ಪಕ್ಕದ್ದಕ್ಕೆ 7. ಬೆಳಕೂ ಹೀಗೆ ಬಿಡಿ ಕಣಗಳಾಗಿಯೇ ಪಿಕ್ಸೆಲ್‌ಗೆ ಬೀಳುತ್ತದೆ. ಸರಾಸರಿ 10,000 ಕಣ ಬಿದ್ದಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100. ಅದು ನೂರಕ್ಕೆ 1. ಸರಾಸರಿ 100 ಕಣ ಬಿದ್ದಲ್ಲಿ ಏರುಪೇರು 10, ಅಂದರೆ ನೂರಕ್ಕೆ 10. ನಮ್ಮ ಲೆಕ್ಕದಲ್ಲಿ ಬೆಳಕು 32 ಪಟ್ಟು ಇಳಿದಿದೆ. 32ರ ವರ್ಗಮೂಲ ಸುಮಾರು 5.7, ಹಾಗಾಗಿ ರಾತ್ರಿಯ ಫೋಟೊದಲ್ಲಿ ನಾಯ್ಸ್ ಅಷ್ಟು ಪಟ್ಟು ಹೆಚ್ಚು.

ಇಷ್ಟಕ್ಕೇ ನಿಲ್ಲುವುದಿಲ್ಲ. ಬೆಳಗಿನ ಫೋಟೊದಲ್ಲಿ ಮಾವನನ್ನು ಹತ್ತಿರದಿಂದ ತೆಗೆದಿದ್ದಾರೆ, ಅವರ ಮುಖವೇ 800 ಪಿಕ್ಸೆಲ್ ಅಗಲ ಇದೆ. ಗ್ರೂಪ್ ಫೋಟೊದಲ್ಲಿ ಒಬ್ಬೊಬ್ಬರ ಮುಖ 200 ಪಿಕ್ಸೆಲ್. ಹೊಂದಿಸಲು ಮುಖವನ್ನು ಕಾಲು ಭಾಗಕ್ಕೆ ಇಳಿಸುತ್ತೇವೆ. ಆಗ ಹಳೆಯ 16 ಪಿಕ್ಸೆಲ್ ಸೇರಿ ಹೊಸ 1 ಪಿಕ್ಸೆಲ್ ಆಗುತ್ತದೆ. 16 ಬೆಲೆಗಳ ಸರಾಸರಿ ತೆಗೆದರೆ ಹೆಚ್ಚೂ ಕಡಿಮೆಯೂ ಒಂದನ್ನೊಂದು ತಿಂದುಹಾಕಿ ನಾಯ್ಸ್ ಇನ್ನೂ ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾ ತಾನೇ ಮಾಡುವ ಶುದ್ಧೀಕರಣವನ್ನು ಪಕ್ಕಕ್ಕಿಟ್ಟರೆ, 5.7ನ್ನು 4ರಿಂದ ಗುಣಿಸಿ ನೋಡಿ: ಅಂಟಿಸಿದ ಮುಖ ಪಕ್ಕದವರ ಮುಖಕ್ಕಿಂತ 22 ಪಟ್ಟಿಗೂ ಹೆಚ್ಚು ಶುಭ್ರ. ಕಣ್ಣಿಗೆ ಹೊಡೆಯುವುದು ಇದೇ.

ಚಿಕ್ಕದು ಮಾಡಿದಾಗ ಅಂಚೂ ಚೂಪಾಗುತ್ತದೆ. ಮೂಲದಲ್ಲಿ 4 ಪಿಕ್ಸೆಲ್ ಹರಡಿದ್ದ ಮಂದ ಅಂಚು ಈಗ 1 ಪಿಕ್ಸೆಲ್‌ನಲ್ಲಿ ಮುಗಿಯುತ್ತದೆ. ಮಂಟಪದ ಮಂದ ಬೆಳಕಿನಲ್ಲಿ, ಎರಡನೇ ಸಾಲಿನಲ್ಲಿ, ಫೋಕಸ್ಸಿನಿಂದ ತುಸು ಹಿಂದೆ ನಿಂತವರ ರೆಪ್ಪೆ ಎಣಿಸಲು ಬಾರದು. ಮಾವನ ರೆಪ್ಪೆ ಮಾತ್ರ ಒಂದೊಂದೂ ಎಣಿಸಬಹುದು.

"ಹಾಗಾದರೆ ಉಳಿದವರನ್ನೇ ಶುಭ್ರ ಮಾಡಿಬಿಡಿ" ಎಂಬ ಸಲಹೆಯೂ ಬರುತ್ತದೆ. ಅದು ತಪ್ಪು ದಾರಿ. ನಾಯ್ಸ್ ತೆಗೆಯುವ ಫಿಲ್ಟರ್‌ಗೆ ಅಜ್ಜಿಯ ಕೆನ್ನೆಯ ಸುಕ್ಕು ಯಾವುದು, ನಾಯ್ಸ್ ಯಾವುದು ಎಂದು ಪೂರ್ತಿ ಗೊತ್ತಾಗುವುದಿಲ್ಲ. ಒಬ್ಬರಿಗಾಗಿ 29 ಜನರ ಮುಖದ ವಿವರ ಅಳಿಸುವುದಕ್ಕಿಂತ ಒಬ್ಬರ ಮುಖವನ್ನು ಉಳಿದವರ ಮಟ್ಟಕ್ಕೆ ತರುವುದೇ ಸರಿ.

ಕೆಲಸದ ಕ್ರಮ ಕ್ಯಾಮೆರಾದ ಕ್ರಮವೇ

ಕ್ಯಾಮೆರಾದೊಳಗೆ ಚಿತ್ರ ಹುಟ್ಟುವ ಕ್ರಮ ಹೀಗಿದೆ. ಮೊದಲು ಲೆನ್ಸಿನಲ್ಲಿ ಬೆಳಕು ಸ್ವಲ್ಪ ಹರಡಿ ಮಂದವಾಗುತ್ತದೆ. ಆಮೇಲೆ ಸೆನ್ಸರಿನಲ್ಲಿ ನಾಯ್ಸ್ ಸೇರುತ್ತದೆ. ಆಮೇಲೆ ಕ್ಯಾಮೆರಾದ ಸಾಫ್ಟ್‌ವೇರ್ ಅಂಚುಗಳನ್ನು ಶಾರ್ಪ್ ಮಾಡುತ್ತದೆ. ಕೊನೆಗೆ ಜೆಪೆಗ್ ಆಗಿ ಕುಗ್ಗುತ್ತದೆ. ನಾವೂ ಇದೇ ಸಾಲು ಹಿಡಿಯಬೇಕು: ಅಳತೆ, ಬಣ್ಣ, ಬ್ಲರ್, ನಾಯ್ಸ್, ಬೇಕಿದ್ದರೆ ಶಾರ್ಪ್.

ಕ್ರಮ ತಪ್ಪಿದರೆ ಏನಾಗುತ್ತದೆ? ನಾಯ್ಸ್ ಹಾಕಿದ ಮೇಲೆ ಬ್ಲರ್ ಮಾಡಿದರೆ ಹಾಕಿದ ನಾಯ್ಸೇ ಅಳಿಸಿಹೋಗುತ್ತದೆ. ನಾಯ್ಸ್ ಹಾಕಿ ಆಮೇಲೆ ಅಳತೆ ಬದಲಿಸಿದರೆ ಕಣದ ಗಾತ್ರ ಬದಲಾಗುತ್ತದೆ. ನಾಯ್ಸ್ ಹಾಕಿದ ಮೇಲೆ ಮುಖವನ್ನು ಬೆಳಗಿಸಿದರೆ ನಾಯ್ಸೂ ಅದರ ಜೊತೆ ಉಬ್ಬುತ್ತದೆ. ಎಷ್ಟೋ ಸಲ "ಎಲ್ಲಾ ಮಾಡಿದೆ, ಆದರೂ ಕೂರಲಿಲ್ಲ" ಅನ್ನುವುದರ ಹಿಂದೆ ಇರುವುದು ಈ ಕ್ರಮದ ಗೊಂದಲ.

ಅಂಚನ್ನು ಹೊಂದಿಸುವುದು

ಮಾವ ಎರಡನೇ ಸಾಲಿನಲ್ಲಿದ್ದಾರೆ. ಆದ್ದರಿಂದ ಹೋಲಿಸಬೇಕಾದ್ದು ಅದೇ ಸಾಲಿನಲ್ಲಿ ಅವರ ಎಡಬಲ ನಿಂತವರ ಜೊತೆ. ಮುಂದಿನ ಸಾಲಿನ ಮದುಮಕ್ಕಳ ಮೇಲೆ ಫೋಕಸ್ ಇರುತ್ತದೆ, ಅವರ ಜೊತೆ ಹೋಲಿಸಿದರೆ ಮಾವನ ಮುಖ ತನ್ನ ಸಾಲಿನಿಂದ ಮುಂದೆ ಬಂದ ಹಾಗೆ ಕಾಣುತ್ತದೆ.

400 ಪರ್ಸೆಂಟ್ ಝೂಮ್ ಮಾಡಿ ಪಕ್ಕದವರ ಕನ್ನಡಕದ ಕಡ್ಡಿ ನೋಡಿ. ಕಪ್ಪಿನಿಂದ ಚರ್ಮದ ಬಣ್ಣಕ್ಕೆ 4 ಪಿಕ್ಸೆಲ್ ಹಿಡಿಯುತ್ತಿದೆ ಎಂದುಕೊಳ್ಳಿ. ಮಾವನ ಕನ್ನಡಕದಲ್ಲಿ 2 ಪಿಕ್ಸೆಲ್. ಫೋಟೊ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ, ಅಂಟಿಸಿದ ಮುಖ ಇರುವ ಪದರ ಅಂದರೆ ಲೇಯರ್ ಆರಿಸಿ `Filters > Blur > Gaussian Blur` ತೆರೆದು 0.5ರಿಂದ ಶುರುಮಾಡಿ, 0.2ರಂತೆ ಏರಿಸುತ್ತಾ ಎರಡೂ ಕಡ್ಡಿ ಒಂದೇ ಥರ ಕಾಣುವಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ಇದು ಸಣ್ಣ ಸಂಖ್ಯೆಯಲ್ಲೇ ಮುಗಿಯುತ್ತದೆ. 3, 4 ಎಂದು ಹೋಗಬೇಕಾಗಿ ಬಂದರೆ ಪಕ್ಕದವರು ಅಲುಗಿ ಮಂದವಾಗಿದ್ದಾರೆಯೇ ಎಂದು ನೋಡಬೇಕು. ಅಲುಗಿದ ಮಂದಕ್ಕೆ ದಿಕ್ಕಿರುತ್ತದೆ. ಅಡ್ಡಕ್ಕೆ ಅಲುಗಿದ್ದರೆ ಉದ್ದದ ಅಂಚು ಹರಡಿರುತ್ತದೆ, ಅಡ್ಡದ ಅಂಚು ಚೂಪಾಗಿಯೇ ಉಳಿದಿರುತ್ತದೆ. ಅದಕ್ಕೆ `Linear Motion Blur` ಬೇಕು.

ಹೋಲಿಸುವ ಎರಡು ಅಂಚುಗಳ ಕಪ್ಪುಬಿಳುಪಿನ ಅಂತರ ಹೆಚ್ಚುಕಡಿಮೆ ಒಂದೇ ಇರಲಿ. ಒಬ್ಬರ ಕನ್ನಡಕದ ಕಡ್ಡಿಗೆ ಇನ್ನೊಬ್ಬರ ನರೆತ ಹುಬ್ಬನ್ನು ಹೋಲಿಸಿದರೆ ಕಣ್ಣು ಮೋಸಹೋಗುತ್ತದೆ.

ಫೋಟೊದ್ದೇ ನಾಯ್ಸ್ ತೆಗೆದು ಮುಖಕ್ಕೆ ಹಾಕುವುದು

`Add Noise` ಥರದ ಫಿಲ್ಟರ್‌ನಿಂದ ನಾಯ್ಸ್ ಹಾಕುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ತೊಡಕು ಒಂದು: ಅದು ಪ್ರತಿ ಪಿಕ್ಸೆಲ್‌ಗೂ ಬೇರೆಬೇರೆಯಾಗಿ ಏರುಪೇರು ಹಾಕುತ್ತದೆ, ಹಾಗಾಗಿ ಕಣ ಮರಳಿನಷ್ಟು ಸಣ್ಣ. ನಿಜವಾದ ಕ್ಯಾಮೆರಾ ನಾಯ್ಸ್ ಹಾಗಿರುವುದಿಲ್ಲ. ಸಾಮಾನ್ಯ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಒಂದೇ ಬಣ್ಣ ಅಳೆಯುತ್ತದೆ. ಅರ್ಧ ಪಿಕ್ಸೆಲ್‌ಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಉಳಿದ ಬಣ್ಣಗಳನ್ನು ಪಕ್ಕದ ಪಿಕ್ಸೆಲ್‌ಗಳಿಂದ ಊಹಿಸಿ ತುಂಬಲಾಗುತ್ತದೆ. ಹಾಗಾಗಿ ಒಂದು ಪಿಕ್ಸೆಲ್‌ನ ತಪ್ಪು ಪಕ್ಕಕ್ಕೂ ಹರಡಿ, ನಾಯ್ಸ್ 2-3 ಪಿಕ್ಸೆಲ್ ಅಗಲದ ಮಚ್ಚೆಯಾಗುತ್ತದೆ. ಬಣ್ಣದ ಮಚ್ಚೆಗಳು ಇನ್ನೂ ದೊಡ್ಡವಿರಬಹುದು. ಹಳದಿ ಬಲ್ಬಿನ ಬೆಳಕಲ್ಲಿ ನೀಲಿ ಕಡಿಮೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ನೀಲಿಯನ್ನು ಹೆಚ್ಚು ಹಿಗ್ಗಿಸುತ್ತದೆ, ಹಾಗಾಗಿ ಚಿತ್ರದ ನೀಲಿ ಪಾಲಿನಲ್ಲಿ, ಅಂದರೆ ನೀಲಿ ಚಾನೆಲ್ಲಿನಲ್ಲಿ, ನಾಯ್ಸ್ ಎಲ್ಲಕ್ಕಿಂತ ಜೋರು. `Channels` ಕಿಟಕಿಯಲ್ಲಿ ಕೆಂಪು ಮತ್ತು ಹಸಿರು ಚಾನೆಲ್‌ಗಳ ಕಣ್ಣಿನ ಗುರುತು ತೆಗೆದು ನೀಲಿಯೊಂದನ್ನೇ ನೋಡಿದರೆ ಅಂಟಿಸಿದ ಮುಖ ನುಣ್ಣನೆಯ ಬಿಲ್ಲೆಯಾಗಿ ಥಟ್ಟನೆ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲವನ್ನೂ ಕೈಯಾರೆ ಸೃಷ್ಟಿಸುವ ಬದಲು, ಆ ಫೋಟೊದಲ್ಲೇ ಇರುವ ನಾಯ್ಸನ್ನು ಬೇರ್ಪಡಿಸಿ ಬಳಸಬಹುದು. ಗಿಂಪ್‌ನಲ್ಲಿ ಇದಕ್ಕೆಂದೇ ಎರಡು ಲೇಯರ್ ಮೋಡ್‌ಗಳಿವೆ, `Grain extract` ಮತ್ತು `Grain merge`. ಅವು ಮಾಡುವ ಲೆಕ್ಕ ಇಷ್ಟೇ:

```
Grain extract = ಕೆಳಗಿನ ಲೇಯರ್ − ಮೇಲಿನ ಲೇಯರ್ + 128
Grain merge   = ಕೆಳಗಿನ ಲೇಯರ್ + ಮೇಲಿನ ಲೇಯರ್ − 128
```

ಮಾವನ ಮುಖ ಹಾಕುವ ಮೊದಲಿನ ಗ್ರೂಪ್ ಫೋಟೊ ತೆರೆದು ಲೇಯರ್‌ನ ನಕಲು ಮಾಡಿ. ಮೇಲಿನ ನಕಲಿಗೆ `Gaussian Blur` 8ರಷ್ಟು ಕೊಡಿ, ನಾಯ್ಸ್ ಪೂರ್ತಿ ಕರಗಬೇಕು. ಆ ನಕಲಿನ ಮೋಡನ್ನು `Grain extract` ಮಾಡಿ. ಈಗ ಮೂಲದಿಂದ ಬ್ಲರ್ ಆದದ್ದನ್ನು ಕಳೆದಂತಾಯಿತು. ಉಳಿಯುವುದು ಬೂದು ಹಿನ್ನೆಲೆ, ಅದರ ಮೇಲೆ ನಾಯ್ಸ್, ಜೊತೆಗೆ ಜನರ ಅಂಚುಗಳ ಗೆರೆ. `Layer > New from Visible` ಒತ್ತಿದರೆ ಅದು ಬೇರೆ ಲೇಯರ್ ಆಗಿ ಸಿಗುತ್ತದೆ. ಬ್ಲರ್ ಆದ ನಕಲನ್ನು ಇನ್ನು ಅಳಿಸಬಹುದು.

ಇದರಲ್ಲಿ ನಮಗೆ ಬೇಕಾದ್ದು ಅಂಚಿಲ್ಲದ ಶುದ್ಧ ನಾಯ್ಸಿನ ತುಂಡು, ಮುಖಕ್ಕಿಂತ ತುಸು ದೊಡ್ಡದು, ಅಂದಾಜು 250ಕ್ಕೆ 300 ಪಿಕ್ಸೆಲ್. ಗುಂಪಿನ ಹಿಂದೆ ಫೋಕಸ್ ತಪ್ಪಿದ ಪರದೆಯೋ ಗೋಡೆಯೋ ಇದ್ದರೆ ಅದೇ ಒಳ್ಳೆಯ ಜಾಗ. ಫೋಕಸ್ ತಪ್ಪಿದ್ದರಿಂದ ಬಟ್ಟೆಯ ನೇಯ್ಗೆ, ಸುಣ್ಣದ ಒರಟು ಯಾವುದೂ ಅಲ್ಲಿ ಬಂದಿರುವುದಿಲ್ಲ, ಕಾಣುವ ಕಣವೆಲ್ಲ ನಾಯ್ಸೇ. ಆದರೆ ಆ ಜಾಗದ ಬೆಳಕು ಮುಖದ ಚರ್ಮದ ಬೆಳಕಿಗೆ ಹತ್ತಿರ ಇರಬೇಕು. ಬೆಳ್ಳನೆಯ ಗೋಡೆಯ ನಾಯ್ಸನ್ನು ಮುಖಕ್ಕೆ ತಂದರೆ ಸಾಲದು, ಕಪ್ಪು ಮೂಲೆಯದ್ದು ತಂದರೆ ಹೆಚ್ಚಾಗುತ್ತದೆ. ಆ ತುಂಡನ್ನು ಕಾಪಿ ಮಾಡಿ, ಮಾವನ ಮುಖದ ಲೇಯರ್‌ನ ಮೇಲೆ ಹೊಸ ಲೇಯರ್ ಆಗಿ ಇಟ್ಟು, ಮೋಡನ್ನು `Grain merge` ಮಾಡಿ, ಲೇಯರ್‌ನ ಎಷ್ಟು ಭಾಗ ಕಾಣಬೇಕೆಂದು ಗುರುತಿಸುವ, ಮುಖಕ್ಕಿರುವ ಮಾಸ್ಕನ್ನೇ ಇದಕ್ಕೂ ಕೊಡಿ. ಮುಖದ ಬಣ್ಣ ಹಾಗೇ ಉಳಿದು ಅದರ ಮೇಲೆ ಮಂಟಪದ ನಾಯ್ಸ್ ಕೂರುತ್ತದೆ. ಮಚ್ಚೆಯ ಗಾತ್ರ, ನೀಲಿಯ ಹೆಚ್ಚಳ ಎಲ್ಲವೂ ತಾನಾಗಿ ಬಂದಿರುತ್ತದೆ.

ಚಿಕ್ಕ ತುಂಡು ಸಿಕ್ಕಿತೆಂದು ಅದನ್ನೇ ನಾಲ್ಕು ಸಲ ಜೋಡಿಸುವುದು ಬೇಡ. ಒಂದೇ ಮಚ್ಚೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಕಣ್ಣು ಬೇಗ ಹಿಡಿಯುತ್ತದೆ.

ಎಷ್ಟು ಹಾಕಬೇಕು: 3, 4, 5ರ ಲೆಕ್ಕ

ಕಣ್ಣಂದಾಜು ಸಾಕಾಗದಿದ್ದಾಗ ಅಳೆಯಬಹುದು. ಗಿಂಪ್‌ನ `Histogram` ಕಿಟಕಿಯಲ್ಲಿ `Std dev` ಎಂಬ ಸಂಖ್ಯೆ ಇರುತ್ತದೆ, ಫೋಟೊಶಾಪ್‌ನ ಹಿಸ್ಟೊಗ್ರಾಮಿನಲ್ಲೂ ಇದೆ. ಆರಿಸಿದ ಜಾಗದ ಪಿಕ್ಸೆಲ್‌ಗಳು ಸರಾಸರಿಯಿಂದ ಎಷ್ಟು ಆಚೀಚೆ ಇವೆ ಎಂಬುದರ ಅಳತೆ ಅದು. ಪಕ್ಕದವರ ಹಣೆಯ ಮೇಲೆ ಸುಮಾರು 20ಕ್ಕೆ 20 ಪಿಕ್ಸೆಲ್‌ನ ಚೌಕ ಆರಿಸಿ ಓದಿ. ಚೌಕ ಚಿಕ್ಕದಿರಲಿ, ಸುಕ್ಕು, ಕುಂಕುಮ, ಬೆಳಕು ಇಳಿಯುವ ಜಾಗ ಯಾವುದೂ ಒಳಗೆ ಬರಬಾರದು. ಬಂದರೆ ಅದೂ ನಾಯ್ಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಪಕ್ಕದವರ ಹಣೆಯಲ್ಲಿ 5, ಬ್ಲರ್ ಆದ ಮೇಲೆ ಮಾವನ ಹಣೆಯಲ್ಲಿ 1 ಬಂತೆನ್ನಿ. 4 ಹಾಕಿದರಾಯಿತು ಎಂದು ತೋರುತ್ತದೆ, ಆದರೆ ನಾಯ್ಸ್ ಹಾಗೆ ಕೂಡುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಏರುಪೇರುಗಳು ಸೇರಿದಾಗ ಅವುಗಳ ವರ್ಗಗಳು ಕೂಡುತ್ತವೆ. 5ರ ವರ್ಗ 25, 1ರ ವರ್ಗ 1, ಉಳಿದದ್ದು 24, ಅದರ ವರ್ಗಮೂಲ 4.9. ಅಂದರೆ ಹೆಚ್ಚುಕಡಿಮೆ ಪೂರ್ತಿ 5ನ್ನೇ ಹಾಕಬೇಕು. ಮಾವನ ಮುಖದಲ್ಲಿ ಮೊದಲೇ 3 ಇದ್ದಿದ್ದರೂ ಹಾಕಬೇಕಾದ್ದು 2 ಅಲ್ಲ, 4. ಶಾಲೆಯಲ್ಲಿ ಕಲಿತ 3, 4, 5ರ ತ್ರಿಕೋನದ ಲೆಕ್ಕವೇ ಇಲ್ಲೂ ನಡೆಯುತ್ತದೆ.

ಪರದೆಯಿಂದ ತೆಗೆದ ನಾಯ್ಸ್ ತುಂಡಿನ `Std dev` 6 ಇದ್ದರೆ ಆ ಲೇಯರ್‌ನ `Opacity` 80ರ ಆಸುಪಾಸಿಗೆ ಇಳಿಸಿ: 6ರ 80 ಪರ್ಸೆಂಟ್ 4.8. ಹಿಸ್ಟೊಗ್ರಾಮ್ ಆರಿಸಿದ ಲೇಯರನ್ನು ಮಾತ್ರ ಓದುತ್ತದೆ, ಹಾಗಾಗಿ ಕೊನೆಯ ಫಲಿತಾಂಶ ಅಳೆಯಲು ಮತ್ತೊಮ್ಮೆ `New from Visible` ಮಾಡಿಕೊಂಡು ಅದರ ಮೇಲೆ ಓದಬೇಕು.

ಇದೇ ಲೆಕ್ಕ ಇನ್ನೊಂದು ಬಳಕೆಯ ಉಪಾಯ ಯಾಕೆ ಸೋಲುತ್ತದೆ ಎಂಬುದನ್ನೂ ಹೇಳುತ್ತದೆ. ಮುಖ ಅಂಟಿಸಿ, ಕೊನೆಗೆ ಇಡೀ ಫೋಟೊ ಮೇಲೆ ಒಂದೇ ಸಮ ಗ್ರೇನ್ ಎರಚಿಬಿಡುವವರು ಬಹಳ. 3ರಷ್ಟು ಎರಚಿದರೆ ಮಾವನ 1 ಹೋಗಿ 3.2 ಆಗುತ್ತದೆ, ಪಕ್ಕದವರ 5 ಹೋಗಿ 5.8 ಆಗುತ್ತದೆ. ಅಂತರ ಕಿರಿದಾಯಿತು, ಹೋಗಲಿಲ್ಲ. ಪೂರ್ತಿ ಮುಚ್ಚುವಷ್ಟು ಎರಚಿದರೆ ಫೋಟೊವೇ ಹಾಳು.

ಮಾಸ್ಕಿನ ಅಂಚಿನಲ್ಲಿ ನುಣುಪು ಉಂಗುರ

ಮುಖ ಹೊಂದಿತು, ನಾಯ್ಸೂ ಹೊಂದಿತು, ಆದರೂ ಮುಖದ ಸುತ್ತ ತೆಳುವಾದ ನುಣುಪು ಪಟ್ಟಿ ಕಾಣುತ್ತಿದ್ದರೆ ಅದಕ್ಕೆ ಕಾರಣ ಮಾಸ್ಕಿನ ಮೆದು ಅಂಚು. ಅಲ್ಲಿ ಹಳೆಯ ಫೋಟೊ ಅರ್ಧ, ಹೊಸ ಮುಖ ಅರ್ಧ ಬೆರೆತಿರುತ್ತದೆ. ಎರಡರಲ್ಲೂ ನಾಯ್ಸ್ 5 ಇದ್ದರೂ ಅರ್ಧರ್ಧ ಬೆರೆತಾಗ 2.5ರ ವರ್ಗಕ್ಕೆ 2.5ರ ವರ್ಗ ಕೂಡಿ, ವರ್ಗಮೂಲದಲ್ಲಿ ಸಿಗುವುದು 3.5 ಮಾತ್ರ. ಮೆದು ಅಂಚು 30 ಪಿಕ್ಸೆಲ್ ಅಗಲವಿದ್ದರೆ ಉಂಗುರವೂ ಅಷ್ಟೇ ಅಗಲ.

ಅಂಚನ್ನು 3-4 ಪಿಕ್ಸೆಲ್‌ಗೆ ಇಳಿಸಿ, ಅದು ಕೂದಲಿನ ಗೆರೆ, ಪೇಟದ ಅಂಚು, ಕಾಲರ್ ಇವುಗಳ ಗುಂಟ ಹೋಗುವಂತೆ ಮಾಡಿದರೆ ತೊಂದರೆ ಬಹುಪಾಲು ಮುಗಿಯುತ್ತದೆ. ಅಲ್ಲಿ ಮೊದಲೇ ಗೆರೆಯಿರುವುದರಿಂದ ಕಣ್ಣು ನಾಯ್ಸನ್ನು ಹುಡುಕುವುದಿಲ್ಲ. ಕುತ್ತಿಗೆಯ ಬರಿ ಚರ್ಮದ ಮೇಲೆ ಹಾಯಲೇಬೇಕಾದ ಕಡೆ, ಉಳಿದ ನಾಯ್ಸ್ ತುಂಡಿನಿಂದ ಇನ್ನೊಂದು ಲೇಯರ್ ಮಾಡಿ, ಆ ಪಟ್ಟಿಯ ಮೇಲೆ ಮಾತ್ರ ಮೆದು ಬ್ರಷ್‌ನಿಂದ ತೆರೆಯಬೇಕು.

ಫೋನ್ ಫೋಟೊ, ಹಳೆಯ ಪ್ರಿಂಟ್

ಮೇಲಿನ ಲೆಕ್ಕ ದೊಡ್ಡ ಕ್ಯಾಮೆರಾದ ಫೈಲಿಗೆ. ಫೋನಿನಲ್ಲಿ ರಾತ್ರಿ ತೆಗೆದ ಫೋಟೊ ಬೇರೆ ಥರ. ಫೋನೇ ನಾಯ್ಸನ್ನು ಬಲವಾಗಿ ಅಳಿಸಿ, ಕೆನ್ನೆಯನ್ನು ಬಳಿದಂತೆ ಮಾಡಿ, ಕೂದಲು ಮತ್ತು ಅಂಚುಗಳನ್ನು ಮತ್ತೆ ಶಾರ್ಪ್ ಮಾಡಿರುತ್ತದೆ. ಅಲ್ಲಿ ಅಂಟಿಸಿದ ಮುಖಕ್ಕೆ ಗ್ರೇನ್ ಹಾಕಿದರೆ ಅದೊಂದೇ ಒರಟಾಗುತ್ತದೆ. ಮುಖಕ್ಕೂ ನಾಯ್ಸ್ ತೆಗೆಯುವ ಫಿಲ್ಟರ್ ಹಾಕಿ ಚರ್ಮದ ಸಣ್ಣ ವಿವರ ಅಳಿಸಿ, ಆಮೇಲೆ `Sharpen (Unsharp Mask)` ತುಸು ಕೊಟ್ಟು, ಪಕ್ಕದವರ ಕೂದಲಂಚಿನಲ್ಲಿ ಕಾಣುವ ಬಿಳಿ ಗೆರೆಯಂಥದ್ದೇ ಇಲ್ಲೂ ಬರುವವರೆಗೆ ಹೊಂದಿಸಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೊ ಮತ್ತೊಮ್ಮೆ ಕುಗ್ಗಿರುತ್ತದೆ, 8ಕ್ಕೆ 8 ಪಿಕ್ಸೆಲ್‌ನ ಚೌಕಗಳು ಸಣ್ಣಗೆ ಕಾಣುತ್ತವೆ. ಸಾಧ್ಯವಿದ್ದರೆ ಮೂಲ ಫೈಲನ್ನೇ ತರಿಸಿಕೊಳ್ಳುವುದು ಅರ್ಧ ಕೆಲಸ ಉಳಿಸುತ್ತದೆ.

ಕಪ್ಪುಬಿಳುಪಿನ ಹಳೆಯ ಪ್ರಿಂಟಿನಲ್ಲಿ ಗ್ರೇನ್ ಹೆಚ್ಚು ಕಾಣುವುದು ನಡುಬೂದಿನಲ್ಲಿ, ಅಂದರೆ ಮುಖದ ಚರ್ಮದಲ್ಲೇ. ಕಡುಗಪ್ಪು ಕೋಟಿನಲ್ಲಿ, ಅಚ್ಚಬಿಳಿ ಪಂಚೆಯಲ್ಲಿ ಅದು ಅಡಗುತ್ತದೆ. ನಡುಬೂದು ತುಂಬಿದ ಲೇಯರ್‌ಗೆ ಬಣ್ಣವಿಲ್ಲದ ನಾಯ್ಸ್ ಹಾಕಿ, ತುಸು ಬ್ಲರ್ ಮಾಡಿ, `Overlay` ಮೋಡಿನಲ್ಲಿ ಇಟ್ಟರೆ ಇದೇ ವರ್ತನೆ ಬರುತ್ತದೆ, ಯಾಕೆಂದರೆ ಓವರ್‌ಲೇಯ ಪ್ರಭಾವವೂ ಕಪ್ಪು ಬಿಳುಪುಗಳ ತುದಿಯಲ್ಲಿ ಇಳಿಯುತ್ತದೆ. ಡಿಜಿಟಲ್ ಫೋಟೊಗೆ ಇದೇ ಉಪಾಯ ಅಷ್ಟು ಒಗ್ಗುವುದಿಲ್ಲ, ಅಲ್ಲಿ ನೆರಳಿನಲ್ಲೂ ನಾಯ್ಸ್ ಬೇಕು.

ಕೂತಿದೆಯೇ ಎಂದು ನೋಡುವುದು

ಫೋಟೊವನ್ನು 100, 50, 25 ಪರ್ಸೆಂಟ್‌ನಲ್ಲಿ ನೋಡಿ. 100ರಲ್ಲಿ ಹೊಂದಿ 25ರಲ್ಲಿ ಮುಖ ಮತ್ತೆ ಶುಭ್ರವಾದರೆ ಹಾಕಿದ ಕಣ ತೀರ ಸಣ್ಣದು. ಚಿಕ್ಕದಾಗಿ ನೋಡುವಾಗ ಸಣ್ಣ ಕಣ ಸರಾಸರಿಯಲ್ಲಿ ಕರಗುತ್ತದೆ, ಪಕ್ಕದವರ ದೊಡ್ಡ ಮಚ್ಚೆ ಉಳಿಯುತ್ತದೆ. ಗ್ರೂಪ್ ಫೋಟೊದಿಂದ ನಾಯ್ಸ್ ಬೇರ್ಪಡಿಸುವಾಗ ಕೊಟ್ಟ ಬ್ಲರ್ ಸಾಲದೆ ದೊಡ್ಡ ಮಚ್ಚೆಗಳು ತಪ್ಪಿಹೋಗಿದ್ದರೆ ಹೀಗಾಗುತ್ತದೆ, 8ರ ಬದಲು 15 ಕೊಟ್ಟು ಮತ್ತೆ ಬೇರ್ಪಡಿಸಿ.

ಪ್ರಿಂಟಿನಲ್ಲಿ ಕಂಪ್ಯೂಟರ್ ಪರದೆಗಿಂತ ಬೇರೆಯೇ ಕಾಣಬಹುದು. 6000ಕ್ಕೆ 4000 ಪಿಕ್ಸೆಲ್‌ನ ಫೋಟೊವನ್ನು 18ಕ್ಕೆ 12 ಇಂಚಿನಲ್ಲಿ ಹಾಕಿದರೆ ಮಾವನ ಮುಖ ಒಂದೂವರೆ ಸೆಂಟಿಮೀಟರ್ ಅಗಲ ಬರುತ್ತದೆ. ಅದೇ ಅಳತೆಯಲ್ಲಿ ನೋಡಲು ದೊಡ್ಡ ಪ್ರಿಂಟೇ ಬೇಕಿಲ್ಲ. ಎರಡನೇ ಸಾಲು ಬರುವಂತೆ 2000ಕ್ಕೆ 1333 ಪಿಕ್ಸೆಲ್ ಕತ್ತರಿಸಿ ಮಾಮೂಲಿ 6ಕ್ಕೆ 4ರ ಪ್ರಿಂಟ್ ಹಾಕಿಸಿದರೆ ಮುಖಗಳು ಅಷ್ಟೇ ದೊಡ್ಡದಾಗಿ ಬರುತ್ತವೆ. ಅದನ್ನು ವಿಷಯ ಗೊತ್ತಿಲ್ಲದ ಯಾರ ಕೈಗಾದರೂ ಕೊಟ್ಟು, ಇವರಲ್ಲಿ ಯಾರ ಮುಖ ಬೇರೆ ಥರ ಇದೆ ಎಂದು ಕೇಳಿ. ಮಾವನನ್ನು ತೋರಿಸಿದರೆ ಆಲ್ಬಮ್ ಕಳಿಸುವ ಮೊದಲು ಮತ್ತೆ ಹೋಗಿ ನೋಡಬೇಕಾದ್ದು ಮೊದಲು ಕನ್ನಡಕದ ಅಂಚು, ಆಮೇಲೆ ನೀಲಿ ಚಾನೆಲ್.